ಐದನೇ ಸುತ್ತು ಮತ್ತು ಕ್ರಿಯಾಟಿನ್

"ಹತ್ತು ದಿನದಿಂದ ದಿನಕ್ಕೆ 3 ಗ್ರಾಂ ಕ್ರಿಯಾಟಿನ್ ತೆಗೆದುಕೊಳ್ಳುತ್ತಿದ್ದೇನೆ. 40 ಸೆಕೆಂಡ್ ವ್ಯಾಯಾಮ, 20 ಸೆಕೆಂಡ್ ವಿರಾಮದ ತರಗತಿಯಲ್ಲಿ ಐದನೇ ಸುತ್ತಿಗೇ ಕಾಲು ಸೋಲುತ್ತದೆ. ಪುಡಿ ಕೆಲಸ ಮಾಡುತ್ತಿಲ್ಲವೇ?"

ಹತ್ತು ದಿನ ಸಾಲದು. ಈ ಪ್ರಮಾಣದಲ್ಲಿ ಸ್ನಾಯುವಿನಲ್ಲಿ ಕ್ರಿಯಾಟಿನ್ ತುಂಬಲು ಸುಮಾರು ನಾಲ್ಕು ವಾರ ಬೇಕು. ಆದರೆ ನಿಜವಾದ ತೊಡಕು ನಿಮ್ಮ ಗಡಿಯಾರದಲ್ಲಿದೆ.

ಕ್ರಿಯಾಟಿನ್‌ನಿಂದ ಸ್ನಾಯು ಕೂಡಿಟ್ಟುಕೊಳ್ಳುವ ದಿಢೀರ್ ಇಂಧನವೇ ಫಾಸ್ಫೋಕ್ರಿಯಾಟಿನ್. ಅದು ಪೂರ್ಣ ಬಲದ ಮೊದಲ ಹತ್ತು ಸೆಕೆಂಡಿನಲ್ಲೇ ಬಹುಪಾಲು ಕರಗುತ್ತದೆ. ಅದು ಅರ್ಧ ತುಂಬಿಕೊಳ್ಳಲು ಸುಮಾರು ಅರ್ಧ ನಿಮಿಷ, ಪೂರ್ತಿ ತುಂಬಲು ಮೂರು ನಿಮಿಷಕ್ಕೂ ಹೆಚ್ಚು ಬೇಕು. ನಿಮಗೆ ಸಿಗುವುದು 20 ಸೆಕೆಂಡ್. ಅದರಲ್ಲಿ ಐದು ಸೆಕೆಂಡ್ ಬೆವರು ಒರೆಸಲು ಹೋಗುತ್ತದೆ, ಬಿಡಿ! ಪ್ರತಿ ಸುತ್ತೂ ಅರೆಬರೆ ತುಂಬಿದ ಕೊಡದಿಂದಲೇ ಶುರುವಾಗುತ್ತದೆ. 40 ಸೆಕೆಂಡಿನ ಉಳಿದ ಭಾಗವನ್ನು ಸ್ನಾಯುವಿನ ಸಕ್ಕರೆ ದಾಸ್ತಾನಾದ ಗ್ಲೈಕೋಜನ್ ಮತ್ತು ಉಸಿರು ಎಳೆಯುತ್ತವೆ. ಅಲ್ಲಿ ಕ್ರಿಯಾಟಿನ್ ಕೈ ಅಷ್ಟಾಗಿ ಓಡುವುದಿಲ್ಲ.

ಹೀಗೆ ಪರೀಕ್ಷಿಸಿ. ವ್ಯಾಯಾಮದ ಸೈಕಲ್‌ನಲ್ಲಿ 10 ಸೆಕೆಂಡ್ ಪೂರ್ಣ ಬಲ, 50 ಸೆಕೆಂಡ್ ವಿರಾಮ, ಎಂಟು ಸುತ್ತು. ಪ್ರತಿ ಸುತ್ತಿನ ಗರಿಷ್ಠ ವ್ಯಾಟ್ ಬರೆದಿಡಿ, ನಾಲ್ಕು ವಾರದ ನಂತರ ಮತ್ತೆ ಮಾಡಿ. ಮೊದಲ ಸುತ್ತು ಹೆಚ್ಚು ಬದಲಾಗದಿರಬಹುದು. ಆರು, ಏಳು, ಎಂಟರ ಕುಸಿತ ಕಡಿಮೆಯಾಗಿದ್ದರೆ ಪುಡಿ ಫಲ ಕೊಟ್ಟಿರುವ ಸಾಧ್ಯತೆ ಇದೆ, ಅಭ್ಯಾಸದ ಪಾಲನ್ನೂ ಕಳೆದು ನೋಡಿ. ತೂಕ ಒಂದು ಕಿಲೋ ಏರಿದರೆ ಗಾಬರಿ ಬೇಡ, ಅದು ಹೆಚ್ಚಾಗಿ ನೀರು. ಜಿಗಿಯುವ ಸುತ್ತುಗಳಲ್ಲಿ ಮಾತ್ರ ಅದನ್ನೂ ಹೊರಬೇಕು. ಮೂತ್ರಪಿಂಡದ ತೊಂದರೆ ಇದ್ದರೆ ವೈದ್ಯರನ್ನು ಕೇಳದೆ ಮುಂದುವರಿಸಬೇಡಿ.