ಅಮ್ಮನ ಫೋಟೊ ಕೆಳಗೆ ಅರ್ಧ ಲೀಟರ್ ಹಾಲು

“ಮುಂದಿನ ವಾರ ಅಮ್ಮನ ಹುಟ್ಟುಹಬ್ಬ. ಫೋಟೊ ಆರಿಸಿದ್ದೇನೆ, ಸಾಲು ಹೊಳೆಯುತ್ತಿಲ್ಲ. ಬರೀ ‘ಲವ್ ಯೂ ಅಮ್ಮ’ ಬೇಡ, ಓದಿದವರಿಗೆ ನಮ್ಮಮ್ಮ ಎಂಥವರು ಎಂದು ಗೊತ್ತಾಗಬೇಕು. ಏನು ಬರೆಯಲಿ?”

ಕಳೆದ ವರ್ಷ ನಮ್ಮಮ್ಮನಿಗೆ ಅರವತ್ತು ತುಂಬಿದಾಗ ನಾನು ಮೊದಲು ಬರೆದದ್ದು ‘ತ್ಯಾಗಮಯಿ, ಮಮತೆಯ ಕಡಲು, ನನ್ನ ಮೊದಲ ಗುರು’ ಎಂದು. ಹಾಕುವ ಮುನ್ನ ತಂಗಿಗೆ ಕಳುಹಿಸಿದೆ. ಅವಳಿಂದ ಬಂದ ಉತ್ತರ ಎರಡೇ ಪದ: ‘ಯಾರ ಅಮ್ಮ?’

ಸಿಟ್ಟು ಬಂತು, ಆದರೆ ಅವಳು ಹೇಳಿದ್ದು ಸರಿಯಾಗಿತ್ತು. ಆ ಪದಗಳು ಸುಳ್ಳಲ್ಲ; ಮದುವೆ ಛತ್ರದ ಕುರ್ಚಿಯ ಹಾಗೆ, ಯಾರು ಕೂತರೂ ನಡೆಯುತ್ತದೆ. ಪಕ್ಕದ ಮನೆಯವರು ತಮ್ಮ ತಾಯಿಯ ಫೋಟೊ ಕೆಳಗೆ ಅದೇ ಸಾಲನ್ನು ಅಂಟಿಸಿಕೊಂಡರೂ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಂದಿನಿಂದ ನನಗೆ ಇದೇ ಪರೀಕ್ಷೆ.

ಎರಡನೆಯ ಪ್ರಯತ್ನ: ‘ಎಲ್ಲದಕ್ಕೂ ಲೆಕ್ಕ ಇಡುವ ನಮ್ಮಮ್ಮ’. ಸ್ವಲ್ಪ ಹತ್ತಿರ ಬಂತು, ಆದರೆ ತೊಂದರೆಯೂ ಜೊತೆಗೇ ಬಂತು. ಅಮ್ಮನನ್ನು ಕಾಣದವರು ಅದನ್ನು ಓದಿದರೆ ಜಿಪುಣಿ ಎಂದುಕೊಳ್ಳುತ್ತಾರೆ. ಸ್ವಭಾವಕ್ಕೆ ಹೆಸರಿಟ್ಟರೆ ಅದು ನಮ್ಮ ತೀರ್ಪಾಗುತ್ತದೆ, ಒಪ್ಪುವುದು ಬಿಡುವುದು ಓದುವವರಿಗೆ ಸೇರಿದ್ದು. ಅದರ ಬದಲು ಆ ಲೆಕ್ಕ ಕಣ್ಣಿಗೆ ಕಾಣುವ ಜಾಗ ಯಾವುದು ಎಂದು ಹುಡುಕಿದೆ.

ಅದು ಅಡುಗೆ ಮನೆಯ ಬಾಗಿಲ ಹಿಂದಿನ ಕ್ಯಾಲೆಂಡರ್. ಮೊಳೆಗೆ ದಾರ ಕಟ್ಟಿ ಒಂದು ಮೋಟು ಪೆನ್ಸಿಲ್ ತೂಗುಬಿಟ್ಟಿದ್ದಾರೆ. ಸಿಲಿಂಡರ್ ಬದಲಾಯಿಸಿದ ದಿನ, ಹಾಲು ಬಾರದ ದಿನ, ಹಿಟ್ಟಿನ ಗಿರಣಿಗೆ ಹೋದ ದಿನ, ಯಾರ ಮನೆಗೆ ಯಾವ ಬಟ್ಟಲು ಹೋಯಿತು ಎನ್ನುವುದು, ಎಲ್ಲವೂ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅಲ್ಲಿದೆ. ಬಟ್ಟಲು ತಿರುಗಿ ಬಾರದಿದ್ದರೆ ಅಮ್ಮ ಕೇಳುವುದಿಲ್ಲ. ಇನ್ನೊಂದು ಬಟ್ಟಲಿನಲ್ಲಿ ಪಾಯಸ ಕಳುಹಿಸುತ್ತಾರೆ. ಆಗ ಆ ಮನೆಯವರೇ ನಾಚಿಕೊಂಡು ಎರಡನ್ನೂ ತಂದುಕೊಡುತ್ತಾರೆ.

ಇದಕ್ಕಿಂತ ಒಳ್ಳೆಯ ಸಾಲು ಸಿಗದು ಎಂದುಕೊಂಡು ‘ನಿಮ್ಮ ಮನೆಗೆ ಬಂದ ಪಾಯಸವೇ ಬಟ್ಟಲಿನ ಜಾಮೀನು’ ಎಂದು ಬರೆದೆ. ತಂಗಿ ಮತ್ತೆ ತಡೆದಳು. ಎದುರು ಮನೆಯವರ ಬಳಿ ಒಂದು ಬಟ್ಟಲು ಇನ್ನೂ ಇತ್ತು, ಅವರು ನನ್ನ ಸ್ಟೇಟಸ್ ನೋಡುತ್ತಾರೆ. ಮನೆಯೊಳಗೆ ನಗು ತರಿಸುವುದು ಬೀದಿಗೆ ಬಂದರೆ ಅಮ್ಮ ನಾಳೆ ಮುಖ ತಪ್ಪಿಸಿ ಓಡಾಡಬೇಕಾಗುತ್ತದೆ. ನಿಮ್ಮ ಸಾಲನ್ನೂ ಈ ಕಡೆಯಿಂದ ಒಮ್ಮೆ ನೋಡಿ: ಯಾರು ಯಾರು ಓದುತ್ತಾರೆ, ಅವರ ಮುಂದೆ ಅಮ್ಮ ಇದನ್ನು ತಾವೇ ಹೇಳುತ್ತಿದ್ದರೇ? ವಯಸ್ಸು, ತೂಕ, ಅಪ್ಪನ ಜೊತೆಗಿನ ಜಗಳ ಸಾಮಾನ್ಯವಾಗಿ ಇಲ್ಲೇ ಬಿದ್ದುಹೋಗುತ್ತವೆ.

ಕೊನೆಗೆ ಹುಟ್ಟಿದ ದಿನದ ಚೌಕವನ್ನೇ ನೋಡಿದೆ. ಹೀಗೆ ಬರೆದು ಹಾಕಿದೆ:

‘ಕ್ಯಾಲೆಂಡರಿನ ಇವತ್ತಿನ ಚೌಕದಲ್ಲಿ ಅಮ್ಮ ಪೆನ್ಸಿಲಿನಲ್ಲಿ ಬರೆದದ್ದು: ಹಾಲು ಅರ್ಧ ಲೀಟರ್ ಜಾಸ್ತಿ. ಹುಟ್ಟುಹಬ್ಬ ಎಂದು ನಾವು ಬರೆಯುತ್ತಿದ್ದೇವೆ.’

ಮಕ್ಕಳೆಲ್ಲ ಬರುತ್ತಾರೆ ಎಂದು ಅಮ್ಮನಿಗೆ ಯಾರೂ ಹೇಳಿರಲಿಲ್ಲ. ಆ ಅರ್ಧ ಲೀಟರಿನಲ್ಲಿ ಪ್ರೀತಿಯೂ ಬಂತು, ಬೇರೆಯಾಗಿ ಬರೆಯಬೇಕಾಗಲಿಲ್ಲ. ಫೋಟೊದಲ್ಲಿ ರೇಷ್ಮೆ ಸೀರೆ, ಮಲ್ಲಿಗೆ, ನಗು ಎಲ್ಲ ಇದ್ದವು. ಹಾಗಾಗಿ ಸಾಲಿನಲ್ಲಿ ಅವುಗಳ ಸುದ್ದಿ ಎತ್ತಲಿಲ್ಲ.

ಬರೆಯುವಾಗ ನಮ್ಮ ಭಾಷೆಯದೇ ಒಂದು ಪೇಚು ಬರುತ್ತದೆ. ‘ಅಮ್ಮ ಬರೆದಳು’ ಎಂದರೆ ಸೋದರಮಾವ ಹುಬ್ಬೇರಿಸುತ್ತಾರೆ. ‘ಅಮ್ಮ ಬರೆದರು’ ಎಂದರೆ, ಮನೆಯಲ್ಲಿ ಏಕವಚನದಲ್ಲೇ ಮಾತನಾಡುವವರಿಗೆ ನಿವೃತ್ತ ಮುಖ್ಯೋಪಾಧ್ಯಾಯಿನಿಯ ಬೀಳ್ಕೊಡುಗೆಯಂತೆ ಕೇಳುತ್ತದೆ. ‘ಬರೆದದ್ದು’, ‘ಹೇಳುವುದು’ ಎಂದು ನಿಲ್ಲಿಸಿದರೆ ಎರಡರಿಂದಲೂ ಪಾರು. ಇನ್ನೊಂದು, ಇನ್‌ಸ್ಟಾಗ್ರಾಮ್‌ನಲ್ಲಿ ಮೊದಲ ಒಂದೆರಡು ಸಾಲಷ್ಟೇ ಕಾಣುತ್ತದೆ, ಉಳಿದದ್ದು ಒತ್ತಿದರೆ ಮಾತ್ರ. ಶುಭಾಶಯವನ್ನು ಕೊನೆಗಿಟ್ಟು ಪೆನ್ಸಿಲನ್ನು ಮೊದಲಿಗೆ ತನ್ನಿ.

ನಿಮ್ಮ ಅಮ್ಮನ ಕ್ಯಾಲೆಂಡರ್ ಬೇರೆ ಎಲ್ಲೋ ಇರುತ್ತದೆ: ಕೈಚೀಲದ ಒಳ ಜೇಬು, ಫ್ರಿಜ್ಜಿನ ಮೇಲಿನ ಡಬ್ಬಿ, ಫೋನ್ ಇಡುವ ಮುನ್ನ ತಪ್ಪದೆ ಹೇಳುವ ಮಾತು. ಆ ಮಾತು ಸಿಕ್ಕರೆ ತಿದ್ದದೆ, ಅವರ ಊರಿನ ಉಚ್ಚಾರದಲ್ಲೇ ಬರೆಯಿರಿ.

ನಮ್ಮಮ್ಮ ಸ್ಟೇಟಸ್ ನೋಡಿ ಏನೂ ಹೇಳಲಿಲ್ಲ. ಸಂಜೆ ಕ್ಯಾಲೆಂಡರಿನ ಅದೇ ಚೌಕದಲ್ಲಿ ಒಂದು ಪದ ಹೆಚ್ಚಾಗಿತ್ತು: ‘ಸಾಲಲಿಲ್ಲ’.