ಆಸ್ಪತ್ರೆ ಡಿಸೈನ್ ಆರ್‌ಎಫ್‌ಪಿ: 70:30 ಸಾಕಾ?

"ಉಡುಪಿಯಲ್ಲಿ ಜಿಲ್ಲಾ ಆಸ್ಪತ್ರೆಯ ಹೊಸ ಬ್ಲಾಕ್‌ಗೆ ಡಿಸೈನ್ ಕನ್ಸಲ್ಟೆಂಟ್ ಬೇಕು. ಆರ್‌ಎಫ್‌ಪಿ ಕರಡಿನಲ್ಲಿ ತಾಂತ್ರಿಕ ಅಂಕಕ್ಕೆ 70, ದರಕ್ಕೆ 30 ಇಟ್ಟಿದ್ದೇವೆ, ಕನಿಷ್ಠ ಅರ್ಹತೆ 70 ಅಂಕ. ಸಾಕಾ ಸರ್?"

ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಆಸ್ಪತ್ರೆ ಕಟ್ಟಿಸಿ ಪಳಗಿದ ಒಂದು ಸಂಸ್ಥೆಗೆ ತಾಂತ್ರಿಕ ಅಂಕ 90, ಫೀಸು 60 ಲಕ್ಷ ಅಂತ ಇಟ್ಕೊಳ್ಳಿ. ಇನ್ನೊಂದಕ್ಕೆ 72 ಅಂಕ, ಆದರೆ 30 ಲಕ್ಷಕ್ಕೇ ಒಪ್ಪುತ್ತದೆ. ದರದ ಅಂಕ ಕಡಿಮೆ ದರದವರಿಗೆ 100, ಅದರ ಎರಡು ಪಟ್ಟು ಕೇಳಿದ ಮೊದಲನೆಯವರಿಗೆ 50. 70:30ರಲ್ಲಿ ಮೊದಲನೆಯವರು 78, ಎರಡನೆಯವರು 80.4. ಅಗ್ಗದವರೇ ಗೆದ್ದರು! ಅದೇ 80:20 ಆದರೆ 82ಕ್ಕೆ 77.6. ನಿಮ್ಮ ಟೆಂಡರ್ ನಿಯಮದಲ್ಲಿ ಅವಕಾಶ ಇದ್ದರೆ 80:20 ಮಾಡಿ, ಇಲ್ಲದಿದ್ದರೆ ಕನಿಷ್ಠ ಅರ್ಹತೆಯನ್ನಾದರೂ 75ಕ್ಕೆ ಏರಿಸಿ.

ಅರ್ಧ ಫೀಸಿಗೆ ಬಂದವರು ಕೈಬಿಡುವುದು ರೂಮ್ ಡೇಟಾ ಶೀಟ್. ಆಪರೇಷನ್ ಥಿಯೇಟರಿನಲ್ಲಿ ಆಕ್ಸಿಜನ್ ಪಾಯಿಂಟ್ ಯಾವ ಗೋಡೆಗೆ, ಬಾಗಿಲು ಎಷ್ಟು ಅಗಲ, ಜನರೇಟರ್ ಮೇಲೆ ಯಾವ ಪ್ಲಗ್ ಅಂತ ಕೋಣೆಕೋಣೆಗೂ ಬರೆದ ಹಾಳೆ ಅದು. ಅದಿಲ್ಲದಿದ್ದರೆ ಗಾರೆ ಒಣಗಿದ ಮೇಲೆ ಗೋಡೆ ಕೊರೆಯಬೇಕಾಗುತ್ತದೆ, ಗುತ್ತಿಗೆದಾರ ಹೆಚ್ಚುವರಿ ಬಿಲ್ ಇಡುತ್ತಾನೆ. ಹಾಗಾಗಿ ಅದನ್ನು ಡೆಲಿವರೆಬಲ್ ಪಟ್ಟಿಗೆ ಸೇರಿಸಿ, ಆಯಾ ವಿಭಾಗದ ವೈದ್ಯರು, ನರ್ಸಿಂಗ್ ಸೂಪರಿಂಟೆಂಡೆಂಟ್ ಸಹಿ ಹಾಕಿದ ಮೇಲೇ ಆ ಹಂತದ ಹಣ ಅಂತ ಬರೆಯಿರಿ.

ಮಣ್ಣು ಪರೀಕ್ಷೆ, ಮಳೆನೀರು ಹರಿಯುವ ದಾರಿಯ ಸರ್ವೆ ಯಾರ ಖರ್ಚು ಅಂತಾನೂ ಕೆಲಸದ ವ್ಯಾಪ್ತಿಯಲ್ಲೇ ಹೇಳಿಬಿಡಿ. ನಮ್ಮ ಕಡೆ ಜೂನ್‌ನಲ್ಲಿ ಅದೇ ಜಗಳ ಅಲ್ವಾ?