ಬ್ಯಾಡಗಿ ಯಾರ್ಡಿನ ಲೆಕ್ಕ ಇಡೀ ಹಾವೇರಿಗೆ ಹೊಂದುತ್ತದೆಯೇ?

> ಫೆಬ್ರವರಿಯಲ್ಲಿ ಬ್ಯಾಡಗಿ ಎಪಿಎಂಸಿಯಲ್ಲಿ 90 ರೈತರನ್ನು ಮಾತಾಡಿಸಿದೆ. 63 ಮಂದಿ ಮೊಬೈಲಿನಲ್ಲಿ ದರ ನೋಡಿಯೇ ಮೆಣಸಿನಕಾಯಿ ತರುತ್ತಾರೆ. ಹಾವೇರಿ ಜಿಲ್ಲೆಯ ರೈತರಲ್ಲಿ ಶೇ. 70 ಅಂತ ಬರೆಯಬಹುದಾ?

ಬರೆಯಬ್ಯಾಡ್ರಿ. ಮೊದಲು ನಿಮ್ಮ ಶೀಟಿನಲ್ಲಿ ಊರಿನ ಕಾಲಂ ನೋಡ್ರಿ. ಬ್ಯಾಡಗಿಗೆ ಬಳ್ಳಾರಿ, ರಾಯಚೂರು, ಆಂಧ್ರದಿಂದಲೂ ಮಾಲು ಬರುತ್ತದೆ. ಉದಾಹರಣೆಗೆ ದೂರದವರು 60 ಮಂದಿ, ಅವರಲ್ಲಿ 48 ಜನ ದರ ನೋಡುವವರು. ಹಾವೇರಿಯವರು 30, ಅವರಲ್ಲಿ 15 ಅಂತಿಟ್ಟುಕೊಳ್ಳಿ. ಕೂಡಿದರೆ ಅದೇ 63. ಆದರೆ ಹಾವೇರಿಯ ಲೆಕ್ಕ ಶೇ. 50ಕ್ಕೆ ಇಳಿಯಿತು! ಲಾರಿ ಬಾಡಿಗೆ ಕೊಟ್ಟು ಅಷ್ಟು ದೂರದಿಂದ ಬರುವವರು ದರ ನೋಡದೆ ಹೊರಡುತ್ತಾರೇನ್ರಿ?

ಆ 50 ಕೂಡ ಯಾರ್ಡಿಗೆ ಬಂದವರದ್ದು ಮಾತ್ರ. ಊರಲ್ಲೇ ವ್ಯಾಪಾರಿಗೆ ತೂಗಿ ಕೊಟ್ಟವರು, ಗೋವಿನಜೋಳ ಬೆಳೆಯುವವರು ನಿಮ್ಮ ಕಣ್ಣಿಗೇ ಬಿದ್ದಿಲ್ಲ. ಅದೇ ಯಾರ್ಡಿನಲ್ಲಿ 900 ಮಂದಿಯನ್ನು ಕೇಳಿದರೂ ಈ ಕೊರತೆ ತುಂಬುವುದಿಲ್ಲ. (ನನ್ನ ಗೈಡ್ ಹತ್ತಿರ ಇದಕ್ಕೇ ಬೈಸಿಕೊಂಡಿದ್ದೆ.) ಎರಡು-ಮೂರು ಹಳ್ಳಿಗೆ ಹೋಗಿ ಯಾರ್ಡಿಗೆ ಬಾರದ 25 ಜನರನ್ನು ಇದೇ ಪ್ರಶ್ನೆ ಕೇಳ್ರಿ; ಉತ್ತರ ಎಷ್ಟು ಬೇರೆಯಾಗುತ್ತದೆ ಅನ್ನುವುದರ ಅಂದಾಜಾದರೂ ಸಿಗುತ್ತದೆ.

ಫೆಬ್ರವರಿ ಆವಕದ ಭರಾಟೆಯ ಕಾಲ. ಕೋಲ್ಡ್ ಸ್ಟೋರೇಜ್ ಮಾಲು ಮಾರುವ ತಿಂಗಳುಗಳ ಮಾತು ಇದರಿಂದ ಹೇಳಲಾಗದು. ಸದ್ಯಕ್ಕೆ "ಫೆಬ್ರವರಿಯಲ್ಲಿ ಬ್ಯಾಡಗಿ ಯಾರ್ಡಿಗೆ ಬಂದ 90 ಬೆಳೆಗಾರರಲ್ಲಿ" ಅಂತಲೇ ಬರೀರಿ.